ಎಪ್ಪತ್ತು ಅಕ್ಷರಕ್ಕೆ ನಿಂತುಹೋದ ಮದುವೆ

ನಮ್ಮ ಕಡೆ ಮದುವೆಗೆ ಕಾಗದ ಕೊಟ್ಟರೆ ಸಾಲದು, ಹೇಳಿಕೆ ಆಗಬೇಕು. ಹೇಳಿಕೆ ಎಂದರೆ ಮನೆಗೇ ಹೋಗಿ, ಕುಳಿತು, ಕೊಟ್ಟ ನೀರು ಕುಡಿದು, "ಎಲ್ಲರೂ ಬರಬೇಕು" ಎಂದು ಬಾಯಿ ತುಂಬ ಹೇಳಿ ಬರುವುದು. ಅದು ಸರಿಯಾಗಿ ಆಗದಿದ್ದರೆ ಪಕ್ಕದ ಮನೆಯವರೂ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿದರೆ "ನಮಗೆ ಹೇಳಿಕೆಯೇ ಆಗಲಿಲ್ಲವಲ್ಲ" ಎಂದು ತಣ್ಣಗೆ ಹೇಳುತ್ತಾರೆ. ನನ್ನ ದೊಡ್ಡಪ್ಪ ಈ ವಿಷಯದಲ್ಲಿ ಊರಿಗೇ ಹೆಡ್ಮಾಸ್ಟರು. ಅಕ್ಕನ, ಅಂದರೆ ಅವರ ಮಗಳ, ಮದುವೆಗೆ ಪುತ್ತಿಗೆಯಿಂದ ವರ್ಕಾಡಿಯವರೆಗೆ ಒಂದು ಮನೆಯನ್ನೂ ಬಿಡದೆ ಹೇಳಿಕೆ ಮುಗಿಸಿ, ಹಿಮ್ಮಡಿ ಊದಿಸಿಕೊಂಡು ಬಂದಿದ್ದರು.

ಅಷ್ಟೆಲ್ಲ ಮುಗಿದ ಮೇಲೆ ಹಾಲಿನವರ ಫೋನು ಬಂತು. ಹಾಲ್ ಎಂದರೆ ಮದುವೆಯ ಹಾಲ್. ಮೇ ತಿಂಗಳು, ಅವರ ಬಾವಿ ಬತ್ತಿತ್ತು. ಬೋರ್‌ವೆಲ್ಲಿನಲ್ಲೂ ಗಾಳಿ ಮಾತ್ರ ಬರುತ್ತಿತ್ತು. ಟ್ಯಾಂಕರ್ ನಂಬಿಕೊಂಡು ಅಷ್ಟು ಜನಕ್ಕೆ ಅಡುಗೆ ಮಾಡಲು ಆಗುವುದಿಲ್ಲ ಎಂದು ಅಡುಗೆ ಭಟ್ಟರೇ ಕೈಯೆತ್ತಿದರು. ಮದುವೆಗೆ ಇನ್ನು ಎರಡು ದಿನ.

ದೊಡ್ಡಪ್ಪ ಗಾಬರಿಯಾಗುವ ಜಾತಿಯಲ್ಲ. ಶಾಲೆಗೆ ರಜೆ, ಶಾಲೆಯ ಬಾವಿಯಲ್ಲಿ ನೀರು ಉಂಟು, ಅಂಗಳ ದೊಡ್ಡದು. ಮಧ್ಯಾಹ್ನದೊಳಗೆ ಶಾಲೆಯವರನ್ನು ಕೇಳಿ, ಚಪ್ಪರದವರಿಗೆ ಹೇಳಿ ಬಂದರು. ಉಳಿದದ್ದು ಒಂದೇ ಕೆಲಸ, ಜಾಗ ಬದಲಾದದ್ದನ್ನು ಅಷ್ಟೂ ಮನೆಗಳಿಗೆ ತಿಳಿಸುವುದು. ಮತ್ತೆ ಮನೆ ಮನೆ ತಿರುಗಲು ಹಿಮ್ಮಡಿ ಒಪ್ಪಲಿಲ್ಲ.

ಆಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಮ್ಮ ಮನೆಯಲ್ಲಿ ಮೊಬೈಲು, ಕಂಪ್ಯೂಟರು ಎಂದರೆ ನಾನು. ಯಾರೂ ಕಲಿಸಿದ್ದಲ್ಲ. ಕಾಲೇಜು ಬಿಟ್ಟ ಮೇಲೆ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಅದೂ ಇದೂ ಓದಿ, ಕೆಡಿಸಿ, ಸರಿ ಮಾಡಿ ಕಲಿತದ್ದು. ಮೊಬೈಲಿನಲ್ಲಿ ಕನ್ನಡ ಬರೆಯುವುದೆಂದರೆ ನನಗೆ ಊಟಕ್ಕಿಂತ ಇಷ್ಟ. ನಾನು ಎದೆ ಉಬ್ಬಿಸಿ ಹೇಳಿದೆ, "ಮೆಸೇಜ್ ಹಾಕುವ, ದೊಡ್ಡಪ್ಪ. ಐದು ನಿಮಿಷದ ಕೆಲಸ."

ನಮ್ಮ ಸಿಮ್ಮಿನಿಂದ ಅಷ್ಟು ಮೆಸೇಜು ಒಟ್ಟಿಗೆ ಕಳಿಸಲು ಆಗುತ್ತಿರಲಿಲ್ಲ, ದಿನಕ್ಕೆ ಇಷ್ಟೇ ಎಂಬ ಮಿತಿ ಇತ್ತು. ಕಾಸರಗೋಡಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮೊಬೈಲ್ ಅಂಗಡಿ ಇತ್ತು. ಅಲ್ಲಿಯ ಅಣ್ಣ ರೀಚಾರ್ಜ್, ರಿಪೇರಿಯ ಜೊತೆಗೆ ಕಂಪ್ಯೂಟರಿನಿಂದ ಒಂದೇ ಸಲ ನೂರಾರು ಜನಕ್ಕೆ ಮೆಸೇಜು ಕಳಿಸುವ ವ್ಯಾಪಾರವನ್ನೂ ಹೊಸದಾಗಿ ಶುರು ಮಾಡಿದ್ದರು. ಚಿಟ್‌ಫಂಡಿನವರು, ಬಟ್ಟೆ ಅಂಗಡಿಯವರು ಅವರಲ್ಲಿಗೆ ಬರುತ್ತಿದ್ದರು. ಎಲ್ಲ ಇಂಗ್ಲಿಷ್ ಮೆಸೇಜು. ಕನ್ನಡದಲ್ಲಿ ಬೇಕು ಎಂದು ಬಂದ ಮೊದಲ ಗಿರಾಕಿ ನಾವೇ.

"ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದರೆ ಆಗುದಿಲ್ವಾ? ಎಲ್ಲ ಫೋನಲ್ಲೂ ಕಾಣ್ತದೆ," ಎಂದರು ಅಂಗಡಿಯ ಅಣ್ಣ.

ದೊಡ್ಡಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಎಂತ ಮಾರಾಯ, ಹೇಳಿಕೆ ಎಂದರೆ ಮರ್ಯಾದೆಯದ್ದು. ಎಂ ಎ ಡಿ ಯು ಎಂದು ಬರೆದರೆ ಅದು ಮದುವೆಯಾ, ಔಷಧಿಯ ಚೀಟಿಯಾ?"

ಸರಿ, ಕನ್ನಡವೇ ಎಂದಾಯಿತು. ದೊಡ್ಡಪ್ಪ ಕಣ್ಣು ಮುಚ್ಚಿ, ಸಭೆಯಲ್ಲಿ ನಿಂತವರಂತೆ ಹೇಳಿದರು. ನಾನು ಕುಟ್ಟಿದೆ.

"ಮಾನ್ಯ ಬಂಧುಗಳೇ, ಸಾದರ ನಮಸ್ಕಾರಗಳು. ಅನಿವಾರ್ಯ ಕಾರಣದಿಂದ ನಮ್ಮ ಮಗಳ ಮದುವೆಯನ್ನು ಪುತ್ತಿಗೆ ಶಾಲೆಯ ಅಂಗಳದಲ್ಲಿ ನಡೆಸಲಾಗುವುದು. ಮುಹೂರ್ತದಲ್ಲಿ ಬದಲಾವಣೆ ಇಲ್ಲ. ತಾವು ಸಕುಟುಂಬರಾಗಿ ಬಂದು ವಧೂವರರನ್ನು ಹರಸಬೇಕಾಗಿ ಪ್ರಾರ್ಥನೆ."

ಓದಿ ನೋಡಿದರೆ ಚಂದ ಇತ್ತು. ಕಳಿಸಿದವರು ಯಾರು ಎಂದು ತಿಳಿಯಲು ನಂಬರಿನ ಜಾಗದಲ್ಲಿ ಆರು ಇಂಗ್ಲಿಷ್ ಅಕ್ಷರ ಹಾಕಬಹುದಿತ್ತು. ದೊಡ್ಡಪ್ಪನ ಮನೆಯ ಹೆಸರು ಅದರಲ್ಲಿ ಸರಿಯಾಗಿ ಹಿಡಿಯಿತು. ಅಂಗಡಿಯ ಅಣ್ಣ ಬೆರಳಿನಿಂದ ಸ್ಕ್ರೀನಿನ ಮೇಲೆ ಎಣಿಸಿ, "ಅಕ್ಷರ ನೂರು ಚಿಲ್ಲರೆ ಉಂಟು. ನೂರರವತ್ತರ ತನಕ ಒಂದೇ ಮೆಸೇಜು. ತೊಂದರೆ ಇಲ್ಲ," ಎಂದರು. ಪರೀಕ್ಷೆಗೆಂದು ಮೊದಲು ನನ್ನ ಫೋನಿಗೆ "ನಮಸ್ಕಾರ" ಎಂದಷ್ಟೇ ಕಳಿಸಿದೆವು. ಠಣ್ ಎಂದು ಬಂತು, ಸ್ಪಷ್ಟ ಕನ್ನಡದಲ್ಲಿ. ಮತ್ತೆ ಎಂತ, ಎಲ್ಲರಿಗೂ ಹೊಡೆದೆವು. ಹೊಟೇಲಿಗೆ ಹೋಗಿ ಗೋಳಿಬಜೆ ತಿಂದೆವು.

ಎರಡನೇ ಗೋಳಿಬಜೆ ಬಾಯಿಯಲ್ಲಿರುವಾಗ ದೊಡ್ಡಪ್ಪನ ಫೋನು ಕಿರುಚಿತು. ವರ್ಕಾಡಿಯ ಸಂಬಂಧಿಕರು.

"ಎಂತಾಯ್ತು ಮಾರಾಯ್ರೇ? ಹುಡುಗ ಬೇಡ ಹೇಳಿದನಾ?"

"ಯಾವ ಹುಡುಗ?"

"ಅಳಿಯ! ಯಾರ ತಪ್ಪು ಅಂತ ನಾನು ಕೇಳುದಿಲ್ಲ. ಆದರೆ ನೀವು ಧೈರ್ಯ ಬಿಡಬೇಡಿ, ಆಯ್ತಾ?"

ಅದು ಮುಗಿಯುವ ಮೊದಲೇ ಇನ್ನೊಂದು ಫೋನು. ಅದಾದ ಮೇಲೆ ಮತ್ತೊಂದು. ಒಬ್ಬರು ಅಳುತ್ತಿದ್ದರು. ಒಬ್ಬರು, "ಆ ಕಡೆಯವರು ಸರಿ ಇಲ್ಲ ಅಂತ ನಾನು ಆಗಲೇ ಹೇಳಿದ್ದೆ," ಎಂದರು. ಅವರು ಯಾವತ್ತೂ ಹಾಗೆ ಹೇಳಿರಲಿಲ್ಲ. ದೊಡ್ಡಪ್ಪನ ಕೈಯಿಂದ ಗೋಳಿಬಜೆ ಚಟ್ನಿಗೆ ಬಿತ್ತು.

ಕೊನೆಗೆ ಬಂದದ್ದು ಬೀಗರ ಫೋನು. ಹುಡುಗನ ಅಪ್ಪ. ಅವರ ಸ್ವರ ತುಂಬ ಮೆಲ್ಲಗಿತ್ತು.

"ನಿಮ್ಮ ಮೆಸೇಜು ಬಂತು. ಅನಿವಾರ್ಯ ಕಾರಣ ಅಂತ ಬರೆದಿದ್ದೀರಿ. ಕಾರಣ ಎಂತದ್ದು ಅಂತ ನಮಗೂ ಹೇಳಬಹುದಿತ್ತು. ಮನೆಯಲ್ಲಿ ನನ್ನ ಅಮ್ಮ ಊಟ ಬಿಟ್ಟು ಕೂತಿದ್ದಾರೆ."

ದೊಡ್ಡಪ್ಪ ಏನೇನೋ ಹೇಳಿದರು, ಬಾವಿ, ನೀರು, ಶಾಲೆ. ಆ ಕಡೆಯಿಂದ, "ಬಾಯಲ್ಲಿ ಒಂದು, ಬರೆದದ್ದು ಒಂದು. ನಾವು ನಮ್ಮ ಕಡೆಯ ಇಷ್ಟು ಜನಕ್ಕೆ ಎಂತ ಹೇಳುದು? ಎಲ್ಲರ ಫೋನಲ್ಲೂ ಅದೇ ಉಂಟು. ನೀವು ಸಂಜೆಯೊಳಗೆ ಸರಿಯಾಗಿ ಬರೆದು ಕಳಿಸಿ. ಇಲ್ಲದಿದ್ದರೆ ನಾಳೆ ದಿಬ್ಬಣಕ್ಕೆ ಗೊತ್ತು ಮಾಡಿದ ಬಸ್ಸಿನವನಿಗೆ ಬೇಡ ಹೇಳಬೇಕಾಗ್ತದೆ," ಎಂದು ಬಂತು.

ನಾವು ಓಡಿದೆವು. ಹೊಟೇಲಿನಿಂದ ಅಂಗಡಿಗೆ ನಡೆಯುವ ದಾರಿ, ಆದರೂ ಓಡಿದೆವು. ಅಂಗಡಿಯ ಅಣ್ಣನ ತಮ್ಮನ ಫೋನಿಗೂ ನಮ್ಮ ಮೆಸೇಜು ಹೋಗಿತ್ತು, ಆ ತಮ್ಮನಿಗೂ ಹೇಳಿಕೆ ಆಗಿತ್ತು. ಅದನ್ನು ತೆರೆದು ನೋಡಿದೆ.

"ಮಾನ್ಯ ಬಂಧುಗಳೇ, ಸಾದರ ನಮಸ್ಕಾರಗಳು. ಅನಿವಾರ್ಯ ಕಾರಣದಿಂದ ನಮ್ಮ ಮಗಳ ಮದುವೆಯನ್ನು"

ಅಷ್ಟೇ. ಮುಂದೆ ಖಾಲಿ. ಮದುವೆಯನ್ನು ಎಂತ ಮಾಡಿದ್ದು ಎಂದು ಓದಿದವರೇ ತುಂಬಿಸಿಕೊಳ್ಳಬೇಕು. ಅನಿವಾರ್ಯ ಕಾರಣ ಎಂಬುದು ಕಂಡ ಮೇಲೆ ನಮ್ಮ ಜಿಲ್ಲೆಯಲ್ಲಿ ಯಾರೂ ಬೇರೆ ಏನನ್ನೂ ತುಂಬಿಸುವುದಿಲ್ಲ.

"ಕಂಪೆನಿಯವರು ಕತ್ತರಿಸಿದ್ದಾರೆ!" ಎಂದರು ಅಂಗಡಿಯ ಅಣ್ಣ. "ನೂರರವತ್ತು ಇರಲೇ ಇಲ್ಲವಲ್ಲ, ಮತ್ತೆ ಯಾಕೆ?"

ನನಗೆ ತಲೆಯೊಳಗೆ ಎಲ್ಲೋ ಓದಿದ್ದು ಮಿಣಮಿಣ ಎಂದಿತು. ಕಂಪ್ಯೂಟರಿನಲ್ಲಿ ಹುಡುಕಿದೆ, ಓದಿದೆ, ಕಾಗದದ ಮೇಲೆ ಬಂದ ಭಾಗವನ್ನು ಎಣಿಸಿದೆ. ಕೊನೆಯ ಖಾಲಿ ಜಾಗವೂ ಸೇರಿ ಸರಿಯಾಗಿ ಎಪ್ಪತ್ತು. ಭಯದ ನಡುವೆಯೂ ನನಗೆ ಖುಷಿಯಾಯಿತು ಎಂದರೆ ಸುಳ್ಳಲ್ಲ. ಲೆಕ್ಕ ಸರಿ ಬಂದರೆ ನನಗೆ ಹಾಗೆಯೇ.

"ದೊಡ್ಡಪ್ಪ, ಒಂದು ಮೆಸೇಜು ಎಂದರೆ ಒಂದು ಬಸ್ಸು ಅಂತ ಇಟ್ಟುಕೊಳ್ಳಿ," ಎಂದು ಶುರು ಮಾಡಿದೆ. "ನೂರ ನಲವತ್ತು ಸೀಟು. ಅಷ್ಟೇ, ಹೆಚ್ಚು ಮಾಡ್ಲಿಕ್ಕೆ ಇಲ್ಲ. ಇಂಗ್ಲಿಷಿನ ಅಕ್ಷರ ಸಪೂರ, ಒಂದು ಸೀಟು ಕೂಡ ಪೂರ್ತಿ ಬೇಡ. ಒತ್ತಿ ಕೂತರೆ ನೂರರವತ್ತು ಹಿಡೀತದೆ. ಕನ್ನಡದ್ದು ಆ ಸಪೂರದವರ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಬೇರೆ ಲೆಕ್ಕ, ಒಂದೊಂದಕ್ಕೂ ಎರಡೆರಡು ಸೀಟು. ಹಾಗಾಗಿ ಎಪ್ಪತ್ತೇ."

"ಮಲಯಾಳಕ್ಕೆ?"

"ಅದಕ್ಕೂ ಎರಡೇ."

"ಆಯ್ತು, ಹಾಗಾದರೆ ಬೇಸರ ಇಲ್ಲ," ಎಂದರು ದೊಡ್ಡಪ್ಪ. ಆದರೆ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. "ಇಲ್ಲಿ ಬಂದದ್ದು ಎಪ್ಪತ್ತು ಎಲ್ಲಿ ಉಂಟು? ಮಾ, ನ್ಯ, ಬಂ, ಧು... ನಲವತ್ತೂ ಇಲ್ಲ."

"ಅದೇ ಮತ್ತೊಂದು ಸಂಗತಿ. ನಾವು 'ನ್ಯ' ಎಂದರೆ ಒಂದು ಅಕ್ಷರ ಅಂತೇವೆ. ಫೋನಿಗೆ ಅದು ಮೂರು. ನ ಒಂದು, ಕೆಳಗೆ ಒತ್ತು ಬರಬೇಕು ಎಂದು ಹೇಳುವ ಚಿಹ್ನೆ ಒಂದು, ಯ ಒಂದು. 'ಸ್ಕಾ' ಎಂದರೆ ನಾಲ್ಕು. ಇಳಿ, ಕೊಂಬು, ಸೊನ್ನೆ, ಎಲ್ಲದಕ್ಕೂ ಬೇರೆ ಬೇರೆ ಟಿಕೆಟು."

"ಮಡಿಲಲ್ಲಿ ಕೂತ ಮಕ್ಕಳಿಗೂ ಫುಲ್ ಟಿಕೆಟಾ!"

"ಫುಲ್ ಟಿಕೆಟು, ಎರಡು ಸೀಟು."

"ಅಂಥ ಬಸ್ಸು ಯಾರದ್ದಪ್ಪ," ಎಂದು ದೊಡ್ಡಪ್ಪ ತಲೆ ಚಚ್ಚಿಕೊಂಡರು.

ಅಂಗಡಿಯ ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆ. "ಆದರೆ ಉದ್ದ ಮೆಸೇಜು ಹೋಗ್ತದಲ್ಲ. ನನ್ನ ಭಾವ ದುಬಾಯಿಯಿಂದ ಮಲಯಾಳದಲ್ಲಿ ಪುರಾಣವೇ ಬರೀತಾನೆ, ಪೂರ್ತಿ ಬರ್ತದೆ."

ಅದಕ್ಕೂ ಓದಿಕೊಂಡದ್ದು ಕೈಯಲ್ಲೇ ಇತ್ತು. ಜನ ಹೆಚ್ಚಾದರೆ ಎರಡನೇ ಬಸ್ಸು, ಮೂರನೇ ಬಸ್ಸು ಬಿಡುತ್ತಾರೆ. ಆದರೆ ಆಗ ಪ್ರತಿ ಬಸ್ಸಿನಲ್ಲೂ ಒಬ್ಬ ಕಂಡಕ್ಟರ್ ಕೂರಬೇಕು, ಇದು ಮೂರರಲ್ಲಿ ಎರಡನೆಯದು ಎಂದು ಬೋರ್ಡು ಹಿಡಿದುಕೊಂಡು. ಇಲ್ಲದಿದ್ದರೆ ಆ ಕಡೆಯ ಫೋನಿಗೆ ಯಾವುದರ ಹಿಂದೆ ಯಾವುದನ್ನು ಜೋಡಿಸಬೇಕೆಂದು ತಿಳಿಯುವುದಿಲ್ಲ. ಕಂಡಕ್ಟರಿಗೆ ಆರು ಸೀಟು ಹೋದರೆ ಕನ್ನಡಕ್ಕೆ ಉಳಿಯುವುದು ಅರವತ್ತೇಳು ಅಕ್ಷರ. ದೊಡ್ಡಪ್ಪನ ಹೇಳಿಕೆಗೆ ಹೀಗೆ ಮೂರು ಬಸ್ಸು ಬೇಕಿತ್ತು. ಅಂಗಡಿಯ ಅಣ್ಣ ಕೊಂಡಿದ್ದ ಅಗ್ಗದ ಪ್ಯಾಕೇಜಿನಲ್ಲಿ ಒಂದು ನಂಬರಿಗೆ ಒಂದೇ ಬಸ್ಸು. ಎಪ್ಪತ್ತಾದ ಕೂಡಲೇ ಬಾಗಿಲು ಹಾಕಿ, ಉಳಿದವರನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಹೊರಟಿತ್ತು. ಇಂಗ್ಲಿಷ್ ಮೆಸೇಜು ಯಾವುದೂ ನೂರರವತ್ತು ದಾಟದ ಕಾರಣ ಅವರಿಗೆ ಇದು ಅಲ್ಲಿಯತನಕ ಗೊತ್ತಾಗಿರಲೇ ಇಲ್ಲ.

ಪ್ಯಾಕೇಜು ಕೊಟ್ಟವರಿಗೆ ಫೋನು ಮಾಡಿದರು. ಆ ಕಡೆಯ ಹುಡುಗಿ, ಉದ್ದ ಮೆಸೇಜು ತೆರೆದುಕೊಡಲು ಸೋಮವಾರ ಆಗುತ್ತದೆ ಎಂದಳು. ಮದುವೆ ಭಾನುವಾರ.

ಅಷ್ಟರಲ್ಲಿ ದೊಡ್ಡಮ್ಮ ಮತ್ತು ಅಕ್ಕ ಆಟೋ ಮಾಡಿಕೊಂಡು ಅಂಗಡಿಗೇ ಬಂದಿಳಿದರು. ಮನೆಯ ಫೋನೂ ಸುಮ್ಮನೆ ಕೂತಿರಲಿಲ್ಲ. ದೊಡ್ಡಮ್ಮನ ಮುಖ ಕೆಂಪಾಗಿತ್ತು. ಅಕ್ಕ ಕೈಗೆ ಮದರಂಗಿ ಹಾಕಿಸಿಕೊಳ್ಳುತ್ತಿದ್ದವಳು, ಒಂದು ಕೈಯದ್ದು ಮುಗಿದು ಇನ್ನೊಂದು ಕೈಯದ್ದು ಅರ್ಧ ಆಗಿತ್ತು. ಎರಡೂ ಕೈ ಗಾಳಿಯಲ್ಲಿ ಹಿಡಿದುಕೊಂಡೇ, "ನನ್ನ ಮದುವೆ ನಿಂತದ್ದು ನನಗೆ ಹೊಲಿಗೆಯವಳು ಫೋನು ಮಾಡಿ ಹೇಳಬೇಕಾ?" ಎಂದಳು. ನಮ್ಮ ಮನೆಯ ಮಾತೆಲ್ಲ ತುಳು, ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಅದು ಇನ್ನೂ ಖಾರ ಇತ್ತು.

ನಾನು ಅವಳಿಗೆ ಬಸ್ಸಿನ ಕಥೆ ಹೇಳಿದೆ. ಅವಳು ಕೇಳಿ ನಗಲು ಶುರು ಮಾಡಿದಳು. ನಕ್ಕದ್ದು ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು, ಒರೆಸಲು ಕೈ ಇಲ್ಲ. ದೊಡ್ಡಮ್ಮ ಸೆರಗಿನಿಂದ ಒರೆಸಿದರು. "ನಗು ಮತ್ತೆ. ಸಂಜೆಯೊಳಗೆ ಸರಿ ಬರೆದು ಕಳಿಸದಿದ್ದರೆ ಅವರು ಬಸ್ಸು ಬೇಡ ಹೇಳ್ತಾರಂತೆ."

"ಹಾಗಾದರೆ ಎಪ್ಪತ್ತರೊಳಗೆ ಬರೀಬೇಕು, ಅಷ್ಟೇ ತಾನೆ?" ಎಂದಳು ಅಕ್ಕ.

ಕಷ್ಟ ಇದ್ದದ್ದು ಅಲ್ಲೇ. ದೊಡ್ಡಪ್ಪ "ಮಾನ್ಯ ಬಂಧುಗಳೇ, ಸಾದರ ನಮಸ್ಕಾರಗಳು" ಎಂಬುದನ್ನು ಬಿಡಲು ತಯಾರಿಲ್ಲ.

"ಅದಕ್ಕೇ ಮೂವತ್ತೊಂದು ಹೋಗ್ತದೆ ದೊಡ್ಡಪ್ಪ. ಅರ್ಧ ಬಸ್ಸು ನಮಸ್ಕಾರವೇ ಕೂತರೆ ಶಾಲೆ ಎಲ್ಲಿ ಕೂರುದು?"

"ನಮಸ್ಕಾರ ಇಲ್ಲದ ಹೇಳಿಕೆಗೆ ನಾಯಿಯೂ ಬರುದಿಲ್ಲ."

"ಈಗ ನಮಸ್ಕಾರ ಇದ್ದದ್ದಕ್ಕೆ ಎಷ್ಟು ಜನ ಬರ್ತಿದ್ದಾರೆ?" ಎಂದರು ದೊಡ್ಡಮ್ಮ. "ಎಲ್ಲ ಸಮಾಧಾನ ಹೇಳ್ಲಿಕ್ಕೆ ಮನೆಗೆ ಬರ್ತಿದ್ದಾರೆ. ಮೊದಲು ಮದುವೆ ಉಂಟು ಅಂತ ಹೇಳಿ. ಅದು ಕೇಳಿದರೆ ಸಾಕು, ಜೀವ ಬರ್ತದೆ."

ದೊಡ್ಡಮ್ಮ ಹೇಳಿದ್ದೇ ಮೊದಲ ಸಾಲು. "ಮದುವೆ ಉಂಟು, ದಿನ ಅದೇ." ಕೊನೆಯಲ್ಲಿ ಕತ್ತರಿ ಬಿದ್ದರೂ ಇಷ್ಟು ತಲುಪುತ್ತದೆ ಎಂದು ನನಗೂ ಧೈರ್ಯ ಬಂತು. ಮುಂದೆ ಜಾಗ. 'ಅಂಗಳದಲ್ಲಿ' ಹೋಯಿತು, ಊರಿನ ಶಾಲೆಗೆ ಬಂದವರಿಗೆ ಅಂಗಳ ಕಾಣದೆ ಇರುತ್ತದೆಯೇ. 'ಪುತ್ತಿಗೆ' ಎಂಬ ಮೂರಕ್ಷರದ ಊರಿಗೆ ಎಂಟು ಟಿಕೆಟು ಎಂದಾಗ ದೊಡ್ಡಪ್ಪ, "ನಾವು ಬೇರೆ ಊರಲ್ಲಿ ಹುಟ್ಟಬೇಕಿತ್ತು," ಎಂದರು. ಕೊನೆಗೆ "ತಾವೆಲ್ಲ ಬರಲೇಬೇಕು" ಎಂದು ಹಾಕಿ ಎಣಿಸಿದರೆ ಅರವತ್ತೆರಡು.

"ಎಂಟು ಉಳೀತು," ಎಂದೆ.

ಅಲ್ಲಿ ಶುರುವಾಯಿತು ನೋಡಿ ಯುದ್ಧ. ದೊಡ್ಡಮ್ಮನಿಗೆ 'ಸಕುಟುಂಬ' ಬೇಕು. ಅದಿಲ್ಲದಿದ್ದರೆ ಮನೆಗೊಬ್ಬ ಗಂಡಸು ಬಂದು ಉಂಡು ಹೋಗುತ್ತಾನೆ, ಹೆಂಗಸರು ಬರುವುದಿಲ್ಲ ಎಂಬುದು ಅವರ ವಾದ. ಅದೂ ಸುಳ್ಳಲ್ಲ. ದೊಡ್ಡಪ್ಪನಿಗೆ 'ದಯಮಾಡಿ' ಬೇಕು. ಎರಡನ್ನೂ ಎಣಿಸಿದೆ. ಎರಡೂ ಒಂದೊಂದಾಗಿ ಹಿಡಿಯುತ್ತವೆ, ಒಟ್ಟಿಗೆ ಹಿಡಿಯುವುದಿಲ್ಲ.

"ತಾವೆಲ್ಲ ಅಂದ ಮೇಲೆ ಕುಟುಂಬ ಬಂತಲ್ಲ," ಎಂದರು ದೊಡ್ಡಪ್ಪ.

"ಬರಲೇಬೇಕು ಅಂದ ಮೇಲೆ ದಯ ಎಂತಕ್ಕೆ?"

"ದಯ ಇಲ್ಲದಿದ್ದರೆ ಅದು ಪೊಲೀಸ್ ನೋಟೀಸು!"

ಅಂಗಡಿಗೆ ರೀಚಾರ್ಜಿಗೆ ಬಂದವರೂ ನಿಂತು ಅಭಿಪ್ರಾಯ ಕೊಡತೊಡಗಿದರು. ಒಬ್ಬರು 'ದಯಮಾಡಿ'ಯ ಕಡೆ, ಇಬ್ಬರು ಹೆಂಗಸರು 'ಸಕುಟುಂಬ'ದ ಕಡೆ. ಅಕ್ಕನೇ ತೀರ್ಪು ಕೊಟ್ಟಳು. "ಅಪ್ಪನ ನಮಸ್ಕಾರ ಪೂರ್ತಿ ಹೋಯ್ತು. ಒಂದು ದಯ ಆದರೂ ಇರಲಿ. ಹೆಂಗಸರಿಗೆ ಅಮ್ಮ ಫೋನು ಮಾಡ್ಲಿ." ದೊಡ್ಡಮ್ಮ ಒಪ್ಪಿದರು. ಫೋನು ಮಾಡುವುದು ಹೇಗೂ ಇತ್ತು, ಹಳೆಯ ಮೊಬೈಲ್ ಸೆಟ್ಟು ಇದ್ದವರಿಗೆ ಕನ್ನಡದ ಬದಲು ಬರೀ ಡಬ್ಬಿ ಡಬ್ಬಿ ಕಾಣುತ್ತಿತ್ತಲ್ಲ. ಆ ದಿನ ನಮ್ಮ ಪಾಲಿಗೆ ಅವರೇ ಒಳ್ಳೆಯವರು, ಏನೂ ಓದಲಾಗದೆ ಏನೂ ಹೆದರಿರಲಿಲ್ಲ.

"ಮದುವೆ ಉಂಟು, ದಿನ ಅದೇ. ಜಾಗ ಮಾತ್ರ ಪುತ್ತಿಗೆ ಶಾಲೆ. ತಾವೆಲ್ಲ ದಯಮಾಡಿ ಬರಲೇಬೇಕು"

"ಅರವತ್ತೊಂಬತ್ತು."

"ಇನ್ನೊಂದು ಉಂಟಲ್ಲ," ಎಂದರು ದೊಡ್ಡಪ್ಪ. "ಬಿಡ್ತೇವಾ? ಒಂದು ಚುಕ್ಕಿ ಹಾಕು."

ಚುಕ್ಕಿ ಹಾಕಿದೆ. ಎಪ್ಪತ್ತು. ಈ ಸಲ ಪರೀಕ್ಷೆಗೆ ಪೂರ್ತಿ ಮೆಸೇಜನ್ನೇ ನನ್ನ ಫೋನಿಗೆ, ಅಣ್ಣನ ತಮ್ಮನ ಫೋನಿಗೆ, ರೀಚಾರ್ಜಿಗೆ ಬಂದ ಒಬ್ಬರ ಫೋನಿಗೆ ಕಳಿಸಿದೆವು. ಮೂರರಲ್ಲೂ ಚುಕ್ಕಿಯ ತನಕ ಬಂತು. ಆಮೇಲೆ ಎಲ್ಲರಿಗೂ.

ಬೀಗರಿಗೆ ದೊಡ್ಡಪ್ಪ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದರು. ಆ ಕಡೆ ಯಾರೋ ಮೆಸೇಜನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿದ ಮೇಲೆ ಒಂದು ಮುದಿ ಸ್ವರ ಕೇಳಿತು. ಹುಡುಗನ ಅಜ್ಜಿ.

"ಮದುವೆ ಉಂಟಂತಾ?"

"ಉಂಟು ಅಮ್ಮ."

"ಬರೆದದ್ದಾ, ಬಾಯಲ್ಲಿ ಹೇಳಿದ್ದಾ?"

"ಬರೆದದ್ದೇ."

"ಹಾಗಾದರೆ ನನಗೆ ಗಂಜಿ ಹಾಕಿ."

ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ದೊಡ್ಡಪ್ಪ ಮಾತ್ರ ನಗದೆ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು ಹೆಗಲಿನ ಶಾಲಿನಿಂದ ಮುಖ ಒರೆಸಿಕೊಂಡರು. ಬಸ್ಸಿನವನಿಗೆ ಬೇಡ ಹೇಳುವುದಿಲ್ಲ ಎಂದು ಬೀಗರು ಹೇಳಿದ್ದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಭಾನುವಾರ ಮೊದಲು ಗೊತ್ತು ಮಾಡಿದ್ದ ಮದುವೆ ಹಾಲಿನ ಗೇಟಿನ ಹತ್ತಿರ ನಮ್ಮ ಕಡೆಯ ಒಂದು ಜೀಪು ನಿಲ್ಲಿಸಿದ್ದೆವು, ತಪ್ಪಿ ಬಂದವರನ್ನು ಕರೆತರಲು. ಅದು ಹೆಚ್ಚು ಓಡಬೇಕಾಗಲಿಲ್ಲ. ಶಾಲೆಯ ಅಂಗಳ ಮುಹೂರ್ತಕ್ಕೆ ಮೊದಲೇ ತುಂಬಿತ್ತು. ನಾವು ಊಹಿಸಿದ್ದಕ್ಕಿಂತ ಜನ ಜಾಸ್ತಿ. ಬರಲಾಗುವುದಿಲ್ಲ ಎಂದು ಮೊದಲೇ ಹೇಳಿದ್ದವರೂ ಬಂದಿದ್ದರು. ನಿಂತ ಮದುವೆ ಮತ್ತೆ ನಡೆಯುವುದನ್ನು ನೋಡುವ ಅವಕಾಶ ಯಾರು ಬಿಡುತ್ತಾರೆ. ಒಬ್ಬರಂತೂ ನನ್ನನ್ನು ಮೂಲೆಗೆ ಕರೆದು, "ನಿಜ ಹೇಳು ಮಾರಾಯ, ಎಷ್ಟು ಕಷ್ಟಪಟ್ಟು ಒಪ್ಪಿಸಿದ್ದು?" ಎಂದು ಕೇಳಿದರು. ಬಸ್ಸು, ಸೀಟು, ಕಂಡಕ್ಟರ್ ಎಂದು ನಾನು ವಿವರಿಸಿದೆ. ಅವರು ತಲೆಯಾಡಿಸಿ, "ಆಯ್ತು, ಹೇಳಲಿಕ್ಕೆ ಇಷ್ಟ ಇಲ್ಲದಿದ್ದರೆ ಬೇಡ," ಎಂದು ಹೋದರು.

ಬೀಗರ ಬಸ್ಸು ಬಂದಾಗ ವಾಲಗದವರು ಜೋರಾಗಿ ಊದಿದರು. ಮೊದಲು ಇಳಿದದ್ದು ಅಜ್ಜಿ. ಅವರು ಸುತ್ತ ನೋಡಿ, ಚಪ್ಪರ ನೋಡಿ, ಮದುವಣಗಿತ್ತಿಯ ಕಡೆಯವರು ಇಷ್ಟು ಜನ ನಿಂತದ್ದನ್ನು ನೋಡಿ, "ಉಂಟು, ಉಂಟು," ಎಂದು ತಮಗೆ ತಾವೇ ಹೇಳಿಕೊಂಡರು. ಮುಹೂರ್ತಕ್ಕೆ ಸರಿಯಾಗಿ ಧಾರೆಯಾಯಿತು. ಅಕ್ಕನ ಒಂದು ಕೈಯ ಮದರಂಗಿ ಅರ್ಧವೇ ಇತ್ತು, ಆ ಗಲಾಟೆಯಲ್ಲಿ ಮುಗಿಸಿರಲಿಲ್ಲ.

ಊಟಕ್ಕೆ ಕೂತಾಗ ಅನ್ನ ಸಾಲದೆ ಭಟ್ಟರು ಮತ್ತೆ ಒಲೆ ಹಚ್ಚಿದರು. ಶಾಲೆಯ ಬಾವಿಯಿಂದ ನೀರು ಸೇದುವ ಸಾಲಿನಲ್ಲಿ ನಾನೂ ನಿಂತೆ. ಆ ಕಡೆ ಎರಡನೇ ಪಂಕ್ತಿಯಲ್ಲಿ ಬೀಗರು ಮತ್ತು ದೊಡ್ಡಪ್ಪ ಪಕ್ಕಪಕ್ಕ ಕೂತಿದ್ದರು. ಬೀಗರು ಹೋಳಿಗೆ ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದಿದ್ದರು. ದೊಡ್ಡಪ್ಪ ಅವರ ಕೈಯನ್ನು ಮೆಲ್ಲಗೆ ಸರಿಸಿ, ಬಡಿಸುವವನಿಗೆ, "ಹಾಕು ಮಾರಾಯ, ಎರಡು ಹಾಕು," ಎನ್ನುತ್ತಿದ್ದರು.